ಎಂಜಿನ್ ಮುಂಭಾಗದ ಟಿಕ್ ಟಿಕ್: ಹಳೆ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟ್ ಹೋಗುವ ಮೊದಲೇ ಹಿಡಿಯುವುದು ಹೇಗೆ

2005ರಿಂದ 2016ರವರೆಗೆ ಮಾರಾಟವಾದ ಹಳೆ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಆಮೇಲೆ ಬಂದ ಕ್ರಿಸ್ಟಾಗೆ ಚೈನ್ ಇದೆ. ಹಳೆ ಇನ್ನೋವಾ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇನ್ನೂ ದುಡಿಯುತ್ತಿದೆ. ಮೂರನೇ, ನಾಲ್ಕನೇ ಮಾಲೀಕರ ಕೈಯಲ್ಲಿರುವ ಗಾಡಿಗಳೇ ಜಾಸ್ತಿ. ಬೆಲ್ಟ್ ಯಾವಾಗ ಬದಲಾಯಿಸಿದ್ದರು ಎಂದು ಕೇಳಿದರೆ ಹೇಳುವವರೇ ಇರುವುದಿಲ್ಲ. ಹಾಗಾಗಿ ಈ ಗಾಡಿಯನ್ನೇ ಹಿಡಿದು ಬರೆಯುತ್ತಿದ್ದೇನೆ. ಶಬ್ದ ಪತ್ತೆ ಮಾಡುವ ಕ್ರಮ ಬೆಲ್ಟ್ ಇರುವ ಬೇರೆ ಗಾಡಿಗಳಿಗೂ ಬಹುಪಾಲು ಇದೇ.

ಇನ್ನೋವಾ ಹಿಂದಿನ ಚಕ್ರ ಎಳೆಯುವ ಗಾಡಿ. ಎಂಜಿನ್ ಉದ್ದುದ್ದಕ್ಕೆ ಕೂತಿದೆ. ಆದ್ದರಿಂದ ಎಂಜಿನ್ ಮುಂಭಾಗ ಎಂದರೆ ರೇಡಿಯೇಟರ್ ಕಡೆ. ಡಸ್ಟರ್, ಪೋಲೋ ತರಹದ ಗಾಡಿಗಳಲ್ಲಿ ಎಂಜಿನ್ ಅಡ್ಡಡ್ಡಕ್ಕೆ ಕೂತಿರುತ್ತದೆ. ಅಲ್ಲಿ ಬೆಲ್ಟ್ ಸಿಗುವುದು ಪಕ್ಕದಲ್ಲಿ, ಗೇರ್‌ಬಾಕ್ಸ್ ಇಲ್ಲದ ತುದಿಯಲ್ಲಿ. ಗಾಡಿ ಬದಲಾದರೆ ಕಿವಿ ಇಡುವ ಜಾಗವೂ ಬದಲಾಗಬೇಕು.

ಬೆಲ್ಟ್ ಹೋದರೆ ವಾಲ್ವ್ ಯಾಕೆ ಬಗ್ಗುತ್ತದೆ

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಹಾಗಾದರೆ ಮಾತ್ರ ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಮುಚ್ಚಿಕೊಂಡು ದಾರಿ ಬಿಡುತ್ತದೆ. ಈ ಎಂಜಿನ್‌ನಲ್ಲಿ ಪಿಸ್ಟನ್ 93.8 ಮಿ.ಮೀ. ಮೇಲೆ ಕೆಳಗೆ ಓಡಾಡುತ್ತದೆ. ಕಂಪ್ರೆಷನ್ ಸುಮಾರು 18ಕ್ಕೆ 1. ಅಂದರೆ ಪಿಸ್ಟನ್ ತುದಿಗೆ ಬಂದಾಗ ಗಾಳಿಗೆ ಉಳಿಯುವ ಜಾಗ ತೀರಾ ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಪಿಸ್ಟನ್ ತಲೆಯಲ್ಲಿರುವ ಗುಂಡಿಯೊಳಗೆ. ಗುಂಡಿಯ ಸುತ್ತಲಿನ ಚಪ್ಪಟೆ ಭಾಗ ಹೆಡ್‌ಗೆ ಹೆಚ್ಚುಕಡಿಮೆ ತಾಗುವಷ್ಟು ಹತ್ತಿರ ಬರುತ್ತದೆ. ಆ ಹೊತ್ತಿಗೆ ವಾಲ್ವ್ ತೆರೆದು ಕೆಳಗಿದ್ದರೆ ಪಿಸ್ಟನ್ ಅದಕ್ಕೆ ಗುದ್ದದೆ ಬೇರೆ ದಾರಿಯಿಲ್ಲ.

ಬೆಲ್ಟ್ ತುಂಡಾದ ಕೂಡಲೇ ಕ್ಯಾಮ್ ನಿಂತುಬಿಡುತ್ತದೆ. ಕ್ರ್ಯಾಂಕ್ ಮಾತ್ರ ಗಾಡಿಯ ವೇಗಕ್ಕೆ ಇನ್ನೂ ತಿರುಗುತ್ತಿರುತ್ತದೆ. ನಾಲ್ಕು ಸಿಲಿಂಡರ್, 16 ವಾಲ್ವ್. ಕ್ಯಾಮ್ ಎಲ್ಲೇ ನಿಂತರೂ ಕೆಲವು ವಾಲ್ವ್ ತೆರೆದೇ ಇರುತ್ತವೆ. ಹೈವೇಯಲ್ಲಿ ಹೋಗುವಾಗ ಹೀಗಾದರೆ ಹೆಡ್ ಇಳಿಸುವ ಕೆಲಸ ಗ್ಯಾರಂಟಿ ಎಂದೇ ತಿಳಿಯಿರಿ.

ಮೊದಲು ಕಿವಿ: ಎಣಿಸಿ ನೋಡಿ

ಡೀಸೆಲ್ ಎಂಜಿನ್‌ನಲ್ಲಿ ಟಿಕ್ ಟಿಕ್ ಶಬ್ದ ಹತ್ತು ಕಡೆಯಿಂದ ಬರಬಹುದು. ಇಂಜೆಕ್ಟರ್ ಬಡಿತ, ಟ್ಯಾಪೆಟ್ ಸಡಿಲ, ಆಲ್ಟರ್ನೇಟರ್ ಪುಲ್ಲಿ, ಹರಿದ ಫ್ಯಾನ್ ಬೆಲ್ಟ್. ಇವನ್ನೆಲ್ಲ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ಶಬ್ದದ ಲಯ ಸಾಕು.

ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು, ಕ್ಯಾಮ್ ಅದರ ಅರ್ಧ, ಆರೇಳು ಸುತ್ತು. ಟ್ಯಾಪೆಟ್ ಶಬ್ದ ಕ್ಯಾಮ್ ಸುತ್ತಿಗೆ ಒಂದರಂತೆ ಬರುತ್ತದೆ. ಆರೇಳು ಬಡಿತವನ್ನು ಒಂದೊಂದಾಗಿ ಎಣಿಸಲು ಕಷ್ಟ, ಅದು ಕಟಕಟಕಟ ಎಂದೇ ಕೇಳುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಕ್ಯಾಮ್ ಪುಲ್ಲಿಯ ಸುತ್ತಳತೆಗಿಂತ ತುಂಬ ಉದ್ದ. ಅದು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಕ್ಯಾಮ್ ಎರಡು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಹಾಗಾಗಿ ಬೆಲ್ಟಿನ ಒಂದೇ ಜಾಗದಲ್ಲಿ ದಾರ ಕಿತ್ತಿದ್ದರೆ ಅಥವಾ ಅಂಚು ಹರಿದಿದ್ದರೆ ಶಬ್ದ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬರುತ್ತದೆ. ಟಿಕ್... ಟಿಕ್... ಟಿಕ್. ಬಾನೆಟ್ ಮೇಲೆ ಬೆರಳಿನಿಂದ ತಾಳ ಹಾಕಿ. ಆರಾಮಾಗಿ ತಾಳ ಹಾಕಲು ಆಗುತ್ತಿದೆ, ಶಬ್ದ ಮುಂದಿನಿಂದ ಬರುತ್ತಿದೆ ಎಂದರೆ ಅದು ಯಾವುದೋ ಬೆಲ್ಟ್. ಟೈಮಿಂಗ್ ಬೆಲ್ಟೋ ಫ್ಯಾನ್ ಬೆಲ್ಟೋ ಎನ್ನುವುದಷ್ಟೇ ಉಳಿದ ಪ್ರಶ್ನೆ.

ಪುಲ್ಲಿಯ ಬೇರಿಂಗ್ ಹೋಗಿದ್ದರೆ ಟಿಕ್ ಎನ್ನುವುದಕ್ಕಿಂತ ಗರಗರ, ಚಿರ್ ಎನ್ನುವ ಶಬ್ದ ಜಾಸ್ತಿ. ಬೆಲ್ಟಿಗೆ ದಾರಿ ಕೊಡುವ ಐಡ್ಲರ್ ಪುಲ್ಲಿ ಚಿಕ್ಕದು, ಜೋರಾಗಿ ತಿರುಗುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದ್ದರೆ ಲಯ ಸರಿಯಾಗಿ ಇರುವುದಿಲ್ಲ. ಬೆಲ್ಟ್ ಸಡಿಲವಾಗಿ ಕವರಿಗೆ ಆಗೊಮ್ಮೆ ಈಗೊಮ್ಮೆ ಬಡಿಯುತ್ತದೆ. ಇದು ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮತ್ತು ಎಂಜಿನ್ ಆಫ್ ಮಾಡಿದಾಗ ಆ ಕೊನೆಯ ಸುತ್ತುಗಳಲ್ಲಿ ಚೆನ್ನಾಗಿ ಕೇಳುತ್ತದೆ. ರೇಸ್ ಕೊಟ್ಟರೆ ಮರೆಯಾಗಬಹುದು. ಮರೆಯಾಯಿತು ಎಂದು ಬಿಟ್ಟುಬಿಡಬೇಡಿ.

ಇಂಜೆಕ್ಟರ್ ಕೆಳಗಿನ ವಾಷರ್ ಲೀಕ್ ಆಗಿದ್ದರೂ ಈ ಎಂಜಿನ್‌ನಲ್ಲಿ ಶಬ್ದ ಬರುತ್ತದೆ. ಅದು ಚಫ್ ಚಫ್ ಎಂದು ಗಾಳಿ ಬಿಟ್ಟಂತೆ ಇರುತ್ತದೆ, ಮೇಲಿನಿಂದ ಬರುತ್ತದೆ. ಇಂಜೆಕ್ಟರ್ ಬುಡದಲ್ಲಿ ಟಾರಿನಂತಹ ಕಪ್ಪು ಕೂತಿರುತ್ತದೆ. ಅದೂ ಬೇಗ ಸರಿ ಮಾಡಿಸಬೇಕಾದ ಕಾಯಿಲೆಯೇ, ಆದರೆ ಬೆಲ್ಟಿಗೆ ಸಂಬಂಧಿಸಿದ್ದಲ್ಲ.

ಒಂದು ಎಚ್ಚರಿಕೆ. ಇನ್ನೋವಾದ ಮುಂಭಾಗದಲ್ಲಿ ದೊಡ್ಡ ಫ್ಯಾನ್ ತಿರುಗುತ್ತಿರುತ್ತದೆ. ಟವೆಲ್, ದುಪಟ್ಟಾ, ಸಡಿಲ ತೋಳು ಯಾವುದೂ ಹತ್ತಿರ ಬರಬಾರದು. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಡಿ. ಕೇಳಲು ಒಂದೆರಡು ನಿಮಿಷ ಸಾಕು. ನಾಲ್ಕು ಜನರಿಗೆ ಕೇಳಿಸಬೇಕು ಎಂದು ಅರ್ಧ ಗಂಟೆ ಓಡಿಸುತ್ತಾ ನಿಲ್ಲಬೇಡಿ. ಸ್ಟಾರ್ಟ್ ಆಗಲು ಹೊಸದಾಗಿ ತೊಂದರೆ ಶುರುವಾಗಿದ್ದರೆ, ಪಿಕಪ್ ಬಿದ್ದಿದ್ದರೆ, ಹೊಗೆ ಜಾಸ್ತಿಯಾಗಿದ್ದರೆ ಕಿವಿಯ ಪರೀಕ್ಷೆಯನ್ನೇ ಬಿಟ್ಟುಬಿಡಿ. ಬೆಲ್ಟ್ ಆಗಲೇ ಒಂದು ಹಲ್ಲು ಹಾರಿರಬಹುದು. ಸ್ಕ್ಯಾನರ್ ಹಾಕಿದರೆ ಎಷ್ಟೋ ಗಾಡಿಗಳಲ್ಲಿ ಇದು P0016 ಎಂಬ ಕೋಡ್ ಆಗಿ ಬರುತ್ತದೆ. ಕೋಡ್ ಬಂದಿಲ್ಲ ಎಂದರೆ ಬೆಲ್ಟ್ ಸರಿಯಿದೆ ಎಂದೇನೂ ಅಲ್ಲ.

ಫ್ಯಾನ್ ಬೆಲ್ಟ್ ತೆಗೆದು ನೋಡುವುದು

ಮೇಲಿನ ಲಕ್ಷಣ ಯಾವುದೂ ಇಲ್ಲ, ಬರೀ ಟಿಕ್ ಇದೆ ಎಂದರೆ ಮುಂದಿನ ಹೆಜ್ಜೆ ಇದು. ಎಂಜಿನ್ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ಬಿಚ್ಚಿ. ಎಸಿಗೆ ಬೇರೆ ಬೆಲ್ಟ್ ಇದ್ದರೆ ಅದನ್ನೂ ಬಿಚ್ಚಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಮಾತ್ರ ಕೇಳಿ, ಆಫ್ ಮಾಡಿ. ಇನ್ನೋವಾದಲ್ಲಿ ವಾಟರ್ ಪಂಪ್ ತಿರುಗುವುದು ಈ ಹೊರಗಿನ ಬೆಲ್ಟಿನಿಂದಲೇ. ಅದಿಲ್ಲದೆ ಜಾಸ್ತಿ ಓಡಿಸಿದರೆ ಹೆಡ್ ಬಿಸಿಯಾಗುತ್ತದೆ. ಗಾಡಿಯನ್ನು ಜಾಗದಿಂದ ಕದಲಿಸುವುದೂ ಬೇಡ.

ಟಿಕ್ ನಿಂತರೆ ನಿಮ್ಮ ಅದೃಷ್ಟ. ಸಮಸ್ಯೆ ಹೊರಗಿನ ಬೆಲ್ಟ್, ಪುಲ್ಲಿ, ಆಲ್ಟರ್ನೇಟರ್ ಅಥವಾ ಪಂಪ್‌ನಲ್ಲಿದೆ. ಟಿಕ್ ಹಾಗೇ ಉಳಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಕವರ್ ಬಿಚ್ಚುವ ಹೊತ್ತು ಬಂತು.

ಉದ್ದನೆಯ ಸ್ಕ್ರೂಡ್ರೈವರ್ ಹಿಡಿ ಕಿವಿಗಿಟ್ಟು ಕೇಳುವ ಅಭ್ಯಾಸ ನಮ್ಮ ಮೆಕ್ಯಾನಿಕ್‌ಗಳಲ್ಲಿ ಹಳೆಯದು. ಒಳ್ಳೆಯದೇ. ಆದರೆ ಟೈಮಿಂಗ್ ಕವರ್ ಪ್ಲಾಸ್ಟಿಕ್. ಅದು ಡೋಲಿನ ಚರ್ಮದಂತೆ ಎಲ್ಲ ಶಬ್ದವನ್ನೂ ಒಂದೇ ಥರ ಹೊರಡಿಸುತ್ತದೆ. ಕವರ್ ಮೇಲೆ ಇಟ್ಟು ಯಾವ ಬೇರಿಂಗ್ ಹೋಗಿದೆ ಎಂದು ತೀರ್ಪು ಕೊಡುವುದು ಕಷ್ಟ. ಸ್ಕ್ರೂಡ್ರೈವರನ್ನು ಆಲ್ಟರ್ನೇಟರ್ ಬಾಡಿ, ಎಸಿ ಕಂಪ್ರೆಸರ್ ಬಾಡಿಗೆ ಇಟ್ಟು ಅವು ಕಾರಣವಲ್ಲ ಎಂದು ತಿಳಿಯಲು ಬಳಸಿ.

ಕವರ್ ಬಿಚ್ಚಿದರೆ ಏನು ನೋಡಬೇಕು

ಈ ಎಂಜಿನ್ ವಿಷಯದಲ್ಲಿ ಒಂದು ಅನುಕೂಲವಿದೆ. ಟೈಮಿಂಗ್ ಬೆಲ್ಟ್ ನೇರವಾಗಿ ಕ್ರ್ಯಾಂಕಿಗೆ ಸುತ್ತಿಲ್ಲ. ಕ್ರ್ಯಾಂಕ್‌ನಿಂದ ಗೇರುಗಳ ಮೂಲಕ ತಿರುಗುವ ಪುಲ್ಲಿಯೊಂದು ಮೇಲೆ ಇದೆ. ಬೆಲ್ಟ್ ಅಲ್ಲಿಂದ ಕ್ಯಾಮ್‌ಗೆ ಹೋಗುತ್ತದೆ. ಹಾಗಾಗಿ ಕ್ರ್ಯಾಂಕ್ ಪುಲ್ಲಿ ಬಿಚ್ಚದೆಯೇ ಬೆಲ್ಟ್ ನೋಡಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ, ಅಡ್ಡ ಬರುವ ಪೈಪ್‌ಗಳನ್ನು ಸರಿಸಿ, ಕವರಿನ ಬೋಲ್ಟ್‌ಗಳನ್ನು ತೆಗೆಯಿರಿ. ಬೋಲ್ಟ್ ಒಂದೂ ಒಳಗೆ ಬೀಳಬಾರದು.

ಮೊದಲು ಬೆಲ್ಟಲ್ಲ, ಕವರಿನ ಒಳಮುಖ ನೋಡಿ. ಬೆಲ್ಟ್ ತಾಗುತ್ತಿದ್ದರೆ ಅಲ್ಲಿ ಹೊಳೆಯುವ ಗೆರೆ ಬಿದ್ದಿರುತ್ತದೆ. ತಳದಲ್ಲಿ ಕಪ್ಪು ರಬ್ಬರ್ ಪುಡಿ, ನೂಲಿನ ಚೂರು ಇದ್ದರೆ ಅಲ್ಲಿಗೆ ತೀರ್ಮಾನವಾಯಿತು.

ಈಗ ಬೆಲ್ಟ್. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಮುಂದೆ ನಿಂತು ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಬಾರದು, ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸುವುದಂತೂ ಬೇಡವೇ ಬೇಡ. ಬೆಲ್ಟ್ ಪೂರ್ತಿ ಒಂದು ಸುತ್ತು ಬರಬೇಕು. ಒಂದೇ ಜಾಗ ನೋಡಿ "ಚೆನ್ನಾಗಿದೆ" ಎಂದರೆ ಅದು ನೋಡಿದ್ದೇ ಅಲ್ಲ. ಎರಡೂ ಅಂಚು ನೋಡಿ. ಹಲ್ಲಿನ ಬುಡದಲ್ಲಿ ಬಿರುಕು ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಎಣ್ಣೆ ಅಥವಾ ಕೂಲೆಂಟ್ ಕುಡಿದಿದೆಯೇ ನೋಡಿ.

ಇಲ್ಲೊಂದು ಮೋಸವಿದೆ. ಈಗಿನ ಬೆಲ್ಟ್‌ಗಳ ರಬ್ಬರ್ ಗಟ್ಟಿಯಾದದ್ದು. ಆಯಸ್ಸು ಮುಗಿದರೂ ಮೇಲೆ ಬಿರುಕು ಕಾಣದೇ ಇರಬಹುದು. ಸುಸ್ತಾಗುವುದು ಒಳಗಿನ ನಾರು. ಹಾಗಾಗಿ ಬಿರುಕು ಕಂಡರೆ ಬದಲಾಯಿಸಿ ಎನ್ನುವುದು ಸರಿ. ಬಿರುಕಿಲ್ಲ, ಇನ್ನೂ ಓಡುತ್ತದೆ ಎನ್ನುವುದು ತಪ್ಪು.

ಟೆನ್ಷನರ್ ಹೈಡ್ರಾಲಿಕ್. ಒಳಗಿನ ಸ್ಪ್ರಿಂಗ್ ಒಂದು ಕಡ್ಡಿಯನ್ನು ಮುಂದೆ ತಳ್ಳಿ ಪುಲ್ಲಿಯನ್ನು ಬೆಲ್ಟಿಗೆ ಒತ್ತುತ್ತದೆ, ಒಳಗಿನ ಎಣ್ಣೆ ಅದು ಹಿಂದೆ ಸರಿಯದಂತೆ ತಡೆಯುತ್ತದೆ. ಕಡ್ಡಿಯ ಬಾಯಲ್ಲಿ ತೆಳುವಾದ ತೇವ ಇದ್ದರೆ ಪರವಾಗಿಲ್ಲ. ಎಣ್ಣೆ ಇಳಿದಿದ್ದರೆ ಅದು ಸೋತಿದೆ.

ಒಂದು ಗಾಡಿಯ ಕತೆ

ನಮ್ಮ ಗ್ಯಾರೇಜಿಗೆ ಬಂದ 2012ರ ಇನ್ನೋವಾ ಒಂದರ ವಿಷಯ ಹೇಳುತ್ತೇನೆ. ಮೀಟರ್‌ನಲ್ಲಿ 1.9 ಲಕ್ಷ ಕಿ.ಮೀ. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದರು. ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ಮುಂದೆ ಟಿಕ್ ಟಿಕ್ ಶುರುವಾಗಿತ್ತು. "ಅಣ್ಣಾ, ಟೈಮಿಂಗ್ ಬೆಲ್ಟ್ ಆಗಿರೋಕೆ ಸಾಧ್ಯ ಇಲ್ಲ. ಅದರ ಲೈಟೇ ಬಂದಿಲ್ಲವಲ್ಲ" ಎಂದರು ಡ್ರೈವರ್.

ಇದು ತುಂಬ ಜನ ನಂಬಿರುವ ಮಾತು. ಇನ್ನೋವಾದ ಮೀಟರ್‌ನಲ್ಲಿ T-BELT ಎಂಬ ದೀಪ ಇದೆ. ಆದರೆ ಬೆಲ್ಟ್ ಹೇಗಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಬೆಲ್ಟ್ ಹತ್ತಿರ ಯಾವ ಸೆನ್ಸರೂ ಇಲ್ಲ. ದೀಪ ಬರೀ ಕಿಲೋಮೀಟರ್ ಎಣಿಸುತ್ತದೆ. ಸೆಟ್ ಮಾಡಿದ ಅಂಕಿ ಮುಟ್ಟಿದಾಗ ಉರಿಯುತ್ತದೆ. ಬೆಲ್ಟ್ ಬದಲಾಯಿಸಿದ ಮೇಲೆ ಮೀಟರಿನ ಗುಂಡಿಯಿಂದಲೇ ಅದನ್ನು ರೀಸೆಟ್ ಮಾಡುತ್ತಾರೆ. ಬದಲಾಯಿಸದೆಯೂ ರೀಸೆಟ್ ಮಾಡಬಹುದು. ಮಾರುವ ಮೊದಲು ದೀಪ ಆರಿಸಿಬಿಟ್ಟ ಗಾಡಿಗಳು ಬೇಕಾದಷ್ಟಿವೆ. ಇದೂ ಅಂಥದ್ದೇ ಇರಬೇಕು ಎನ್ನಿಸಿತು.

ಐಡ್ಲಿಂಗ್‌ನಲ್ಲಿ ಕೇಳಿದೆವು. ಆರಾಮಾಗಿ ತಾಳ ಹಾಕುವಷ್ಟು ನಿಧಾನದ ಟಿಕ್. ಫ್ಯಾನ್ ಬೆಲ್ಟ್ ತೆಗೆದೆವು, ಶಬ್ದ ಹಾಗೇ ಇತ್ತು. ಅಲ್ಲಿಗೆ ಎಂಜಿನ್ ಆಫ್. ಕವರ್ ತೆಗೆದಾಗ ಒಳಮುಖದಲ್ಲಿ ಬೆರಳಗಲ ಹೊಳೆಯುವ ಗೆರೆ. ಬೆಲ್ಟಿನ ಎಂಜಿನ್ ಕಡೆಯ ಅಂಚು ಎಣ್ಣೆ ಕುಡಿದು ಉಬ್ಬಿತ್ತು, ಕೈಗೆ ಮೆತ್ತಗೆ ಸಿಗುತ್ತಿತ್ತು. ಒಂದು ಸುತ್ತು ತಿರುಗಿಸಿದಾಗ ಆ ಅಂಚಿನಿಂದ ನಾರಿನ ದಾರವೊಂದು ಸುಮಾರು ಒಂದು ಗೇಣು ಬಿಟ್ಟುಕೊಂಡಿದ್ದು ಕಂಡಿತು. ಪ್ರತಿ ಸುತ್ತಿಗೂ ಅದರ ತುದಿ ಕವರಿಗೆ ಹೊಡೆಯುತ್ತಿತ್ತು. ಡ್ರೈವರ್ ಕೇಳುತ್ತಿದ್ದ ಟಿಕ್ ಅದೇ. ಹೀಗೆ ಬಿಟ್ಟುಕೊಂಡ ದಾರ ಪುಲ್ಲಿಗೆ ಸುತ್ತಿಕೊಂಡರೆ ಬೆಲ್ಟನ್ನೇ ಹೊರಗೆ ತಳ್ಳಿಬಿಡುತ್ತದೆ.

ಎಣ್ಣೆ ಎಲ್ಲಿಂದ ಬಂತು? ಕ್ಯಾಮ್ ಪುಲ್ಲಿ ಹಿಂದಿನ ಆಯಿಲ್ ಸೀಲಿನಿಂದ. ಸೀಲ್ ಒಣಗಿ ಗಟ್ಟಿಯಾಗಿ ಸ್ವಲ್ಪ ಸ್ವಲ್ಪವೇ ಎಣ್ಣೆ ಬಿಡುತ್ತಿತ್ತು. ಬರೀ ಬೆಲ್ಟ್ ಬದಲಾಯಿಸಿ ಕಳಿಸಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ. ಸೀಲ್, ಬೆಲ್ಟ್, ಟೆನ್ಷನರ್, ಪುಲ್ಲಿ ಎಲ್ಲ ಹೊಸದು ಹಾಕಿದೆವು. ಖರ್ಚು ಕೆಲವು ಸಾವಿರದಲ್ಲಿ ಮುಗಿಯಿತು. ಹೆಡ್ ಇಳಿಸಿದ್ದರೆ ಹತ್ತಾರು ಸಾವಿರ ಆಗುತ್ತಿತ್ತು.

ಬೆಲ್ಟ್ ಬದಲಾಯಿಸುವ ಕ್ರಮ

ಕೈ ಪಳಗಿದವರಿಗಷ್ಟೇ ಈ ಕೆಲಸ. ನೀವೇ ಮಾಡದಿದ್ದರೂ ಎದುರಿಗೆ ನಿಂತು ನೋಡಲು ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಗುರುತುಗಳನ್ನು ಕೂರಿಸಬೇಕು. ಕ್ರ್ಯಾಂಕ್ ಪುಲ್ಲಿಯ ಗುರುತು ಸೊನ್ನೆಗೆ, ಕ್ಯಾಮ್ ಪುಲ್ಲಿಯ ಗುರುತು ತನ್ನ ಎದುರಿನ ಗುರುತಿಗೆ ಬರಬೇಕು. ಕ್ರ್ಯಾಂಕ್ ಸರಿಯಾಗಿದ್ದು ಕ್ಯಾಮ್ ತದ್ವಿರುದ್ಧ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ. ಗುರುತುಗಳ ಮೇಲೆ ವೈಟ್ನರ್ ಹಚ್ಚಿ, ಫೋಟೋ ತೆಗೆದಿಟ್ಟುಕೊಳ್ಳಿ. ಈ ಹಂತದಲ್ಲಿ ಕ್ಯಾಮ್ ಗುರುತು ಒಂದು ಹಲ್ಲು ಆಚೀಚೆ ಇದ್ದರೆ ಬೆಲ್ಟ್ ಹಾರಿದೆ ಎಂದರ್ಥ. ಆಗ ಮುಂದಿನ ಭಾಗ ಓದದೆ ಮುಂದುವರಿಯಬೇಡಿ.

ಟೆನ್ಷನರಿನ ಎರಡು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದರಂತೆ ಸಡಿಲಿಸಿ ತೆಗೆಯಿರಿ. ಬೆಲ್ಟ್ ಹೊರಬಂದ ಮೇಲೆ ಕ್ಯಾಮ್ ಆಗಲಿ ಕ್ರ್ಯಾಂಕ್ ಆಗಲಿ ಕದಲಬಾರದು. ಪುಲ್ಲಿಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ಒಳ್ಳೆಯ ಬೇರಿಂಗ್ ಸ್ವಲ್ಪ ಬಿಗಿಯಾಗಿ, ಶಬ್ದವಿಲ್ಲದೆ ತಿರುಗುತ್ತದೆ. ಒಂದು ಸಲ ತಳ್ಳಿದ್ದಕ್ಕೆ ಸರಸರ ಎಂದು ತುಂಬ ಹೊತ್ತು ತಿರುಗಿದರೆ ಒಳಗಿನ ಗ್ರೀಸ್ ಒಣಗಿದೆ. ಸಲೀಸಾಗಿ ತಿರುಗುತ್ತಿದೆ ಎಂದು ಇದನ್ನೇ ಒಳ್ಳೆಯದೆಂದು ತಿಳಿಯುವವರು ಬಹಳ.

ಹೊಸ ಟೆನ್ಷನರ್ ಪಿನ್ ಹಾಕಿಕೊಂಡೇ ಬರುತ್ತದೆ. ಬೆಲ್ಟ್ ಕೂರಿಸಿ, ಗುರುತು ನೋಡಿ, ಟೆನ್ಷನರ್ ಬಿಗಿದ ಮೇಲೆಯೇ ಪಿನ್ ಎಳೆಯಬೇಕು. ಹಳೆಯದನ್ನೇ ಹಾಕುವುದಾದರೆ ನೆಟ್ಟಗೆ ನಿಲ್ಲಿಸಿ, ಪ್ರೆಸ್‌ನಲ್ಲಿ ನಿಧಾನವಾಗಿ ಒತ್ತಿ ಪಿನ್ ಹಾಕಬೇಕು. ಸುತ್ತಿಗೆಯಿಂದ ಹೊಡೆದರೆ ಒಳಗಿನ ಸೀಲ್ ಹೋಗುತ್ತದೆ. ಹೊಸ ಬೆಲ್ಟನ್ನು ಮಡಚಬೇಡಿ, ಒಳಮೈ ಹೊರಗೆ ಮಾಡಬೇಡಿ, ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಏರಿಸಬೇಡಿ. ನಾರು ಮುರಿದರೆ ಹೊರಗೆ ಕಾಣುವುದಿಲ್ಲ.

ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಗುರುತುಗಳು ಮತ್ತೆ ಅದೇ ಜಾಗಕ್ಕೆ ಬರಬೇಕು. ನಡುವೆ ಕಬ್ಬಿಣ ಕಬ್ಬಿಣಕ್ಕೆ ತಾಗಿದಂತೆ ಟಕ್ ಎಂದು ನಿಂತರೆ ಅಲ್ಲೇ ನಿಲ್ಲಿಸಿ. ಉದ್ದದ ಪೈಪ್ ಹಾಕಿ ಬಲವಂತ ಮಾಡಬೇಡಿ. ಕಂಪ್ರೆಷನ್ ಒತ್ತಡವಾದರೆ ಸ್ಪ್ರಿಂಗಿನಂತೆ ಎದುರು ತಳ್ಳಿ ನಿಧಾನವಾಗಿ ಬಿಡುತ್ತದೆ. ವಾಲ್ವ್ ತಾಗಿದರೆ ಬಿಡುವುದಿಲ್ಲ.

ಬೆಲ್ಟ್ ಹಾರಿದ್ದರೆ ಅಥವಾ ತುಂಡಾಗಿದ್ದರೆ

ಓಡುತ್ತಿದ್ದ ಗಾಡಿ ಫಟ್ ಎಂದು ನಿಂತಿತು ಎಂದುಕೊಳ್ಳಿ. ಮೊದಲ ಕೆಲಸ, ಮತ್ತೆ ಸೆಲ್ಫ್ ಹೊಡೆಯದಿರುವುದು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಖಂಡಿತ ಬೇಡ. ಬಗ್ಗದೆ ಉಳಿದ ವಾಲ್ವ್ ಇದ್ದರೆ ಅದೂ ಈಗ ಬಗ್ಗುತ್ತದೆ. ಆಗಲೇ ಒಮ್ಮೆ ಸೆಲ್ಫ್ ಹೊಡೆದಿದ್ದರೆ ಆ ಶಬ್ದ ನೆನಪಿಸಿಕೊಳ್ಳಿ. ಸರಿಯಿದ್ದ ಎಂಜಿನ್ "ರರ್ ರರ್ ರರ್" ಎಂದು ತಡೆತಡೆದು ತಿರುಗುತ್ತದೆ. ಬೆಲ್ಟ್ ಹೋಗಿದ್ದರೆ ಆ ತಡೆ ಇಲ್ಲದೆ ಹಗುರವಾಗಿ ಒಂದೇ ಸಮ ತಿರುಗುತ್ತದೆ. ಗಾಡಿಯನ್ನು ಟೋಯಿಂಗ್ ವಾಹನದ ಮೇಲೆ ಹಾಕಿಸಿ. ಎಳೆಸಿಕೊಂಡೇ ಹೋಗಬೇಕಾದರೆ ಗೇರ್ ನ್ಯೂಟ್ರಲ್‌ನಲ್ಲೇ ಇರಲಿ.

ಗ್ಯಾರೇಜಿನಲ್ಲಿ ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಎಂದರೆ ಒಪ್ಪಬೇಡಿ. ಮೊದಲು ಪಿಸ್ಟನ್‌ಗಳೆಲ್ಲ ಅರ್ಧ ದಾರಿಯಲ್ಲಿ ಇರುವಂತೆ ಕ್ರ್ಯಾಂಕನ್ನು ಗುರುತಿನಿಂದ ಕಾಲು ಸುತ್ತು ದೂರ ಇಡಬೇಕು. ಅಲ್ಲಿಗೆ ತರುವಾಗಲೂ ಮೆಲ್ಲಗೆ, ಎಲ್ಲಾದರೂ ಗಟ್ಟಿಯಾಗಿ ತಾಗಿದರೆ ಅಲ್ಲೇ ಬಿಟ್ಟು. ಹೀಗಿಟ್ಟಾಗ ಕ್ಯಾಮ್ ತಿರುಗಿಸಿದರೂ ವಾಲ್ವ್ ತಾಗುವುದಿಲ್ಲ. ಕ್ಯಾಮನ್ನು ಗುರುತಿಗೆ ತಂದ ಮೇಲೆ ಕ್ರ್ಯಾಂಕನ್ನು ಮೆಲ್ಲಗೆ ಗುರುತಿಗೆ ತಂದು ಬೆಲ್ಟ್ ಹಾಕಬೇಕು. ನಂತರ ಪ್ರತಿ ಸಿಲಿಂಡರಿಗೂ ಲೀಕ್ ಟೆಸ್ಟ್. ಆ ಸಿಲಿಂಡರ್ ಕಂಪ್ರೆಷನ್ ತುದಿಯಲ್ಲಿರುವಾಗ ಒಳಗೆ ಗಾಳಿ ತುಂಬಿಸಿ, ಗಾಳಿ ಎಲ್ಲಿಂದ ಹೊರಬರುತ್ತದೆ ಎಂದು ಕೇಳಬೇಕು. ಏರ್ ಫಿಲ್ಟರ್ ಪೈಪಿನಲ್ಲಿ ಸುಯ್ ಎಂದರೆ ಇನ್‌ಲೆಟ್ ವಾಲ್ವ್ ಬಗ್ಗಿದೆ. ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಸ್ವಲ್ಪ ಬರುವುದು ಸಹಜ, ಅದು ರಿಂಗಿನ ಕಡೆಯದು. ಒಂದೇ ಒಂದು ವಾಲ್ವ್ ಸೋರಿದರೂ ಹೆಡ್ ಇಳಿಸಲೇಬೇಕು. ಹೆಡ್ ಇಳಿಸಿದಾಗ ವಾಲ್ವ್ ಗೈಡ್ ಮತ್ತು ಪಿಸ್ಟನ್ ತಲೆಯ ಗುರುತುಗಳನ್ನೂ ನೋಡಿಸಿ. ಬಗ್ಗಿದ ವಾಲ್ವನ್ನು ಲೇತ್ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿ ಹಾಕುವುದು ಕೂಡದು. ಬಗ್ಗಿ ನೆಟ್ಟಗಾದ ಕಂಬಿ ಒಂದು ದಿನ ಮುರಿಯುತ್ತದೆ. ತಲೆ ಸಿಲಿಂಡರ್ ಒಳಗೆ ಬಿದ್ದರೆ ಎಂಜಿನ್ನೇ ಹೋಗುತ್ತದೆ.

ಕೆಲಸ ಮುಗಿದ ಮೇಲೆ

ಕಿ.ಮೀ. ಮತ್ತು ತಾರೀಖು ಬರೆದ ಸ್ಟಿಕ್ಕರನ್ನು ಟೈಮಿಂಗ್ ಕವರ್ ಮೇಲೆಯೇ ಅಂಟಿಸಿ. T-BELT ಲೆಕ್ಕವನ್ನೂ ಅವತ್ತೇ ರೀಸೆಟ್ ಮಾಡಿಸಿ. ಮುಂದಿನ ಬದಲಾವಣೆಗೆ ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಲೆಕ್ಕ. ದೂಳಿನ ರಸ್ತೆಯಲ್ಲಿ, ಎಸಿ ಹಾಕಿ ನಿಂತಲ್ಲೇ ಓಡುವ ಟ್ಯಾಕ್ಸಿಗೆ ನಾನಂತೂ ಅದಕ್ಕಿಂತ ಮೊದಲೇ ಬದಲಾಯಿಸುತ್ತೇನೆ. ನಿಂತಾಗಲೂ ಬೆಲ್ಟ್ ಓಡುತ್ತದೆ, ಮೀಟರ್ ಮಾತ್ರ ಓಡುವುದಿಲ್ಲ.

ಮೊದಲ ವಾರ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಂದೆ ನಿಂತು ಕೇಳಿ. ನಿಧಾನದ ಟಿಕ್ ಮತ್ತೆ ಬಂದರೆ ಕವರ್ ಸರಿಯಾಗಿ ಕೂತಿಲ್ಲ ಅಥವಾ ಬೆಲ್ಟ್ ಪುಲ್ಲಿಯ ಅಂಚಿಗೆ ಸರಿಯುತ್ತಿದೆ. ಕೂಡಲೇ ಬಿಚ್ಚಿಸಿ. ಮುಂಭಾಗ ಮೌನವಾಗಿದ್ದು ಮೇಲಿನಿಂದ ವೇಗದ ಕಟಕಟ ಮಾತ್ರ ಉಳಿದಿದ್ದರೆ, ಅದು ಬೆಲ್ಟಿನದಲ್ಲ. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ ಅಳೆಸಿ. ಹಿಂದೊಮ್ಮೆ ಬೆಲ್ಟ್ ಹಾರಿದ್ದ ಗಾಡಿಯಾದರೆ ಅದರ ಜೊತೆಗೆ ಕಂಪ್ರೆಷನ್ನೂ ನೋಡಿಸಿ, ನಾಲ್ಕರಲ್ಲಿ ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸುತ್ತಿದೆಯೇ ಎಂದು ಹೋಲಿಸಿ.